1992ರ ಎಸಿಸಿ ಷೇರು: ರೇಟು ಏರಿಸಿದ ದುಡ್ಡು ಯಾರದು, ಅದು ಹೇಗೆ ಬಂತು

ಕಲಬುರ್ಗಿ ಕಡೆ ಹೋಗಿ ಬಂದೋರಿಗೆ ವಾಡಿ ಜಂಕ್ಷನ್ ಗೊತ್ತಿರುತ್ತೆ, ಅಲ್ಲಿರೋ ಸಿಮೆಂಟ್ ಫ್ಯಾಕ್ಟರಿ ಎಸಿಸಿದು. ಆ ಫ್ಯಾಕ್ಟರಿ 1991ರಲ್ಲಿ ಎಷ್ಟು ಸಿಮೆಂಟ್ ಮಾಡ್ತಿತ್ತೋ 1992ರಲ್ಲೂ ಹೆಚ್ಚುಕಮ್ಮಿ ಅಷ್ಟೇ ಮಾಡ್ತಿತ್ತು, ಸಿಮೆಂಟ್ ಚೀಲದ ರೇಟೂ ಆಕಾಶಕ್ಕೆ ಹೋಗಿರಲಿಲ್ಲ. ಆದ್ರೆ ಇತ್ತ ಮುಂಬಯಿಯ ದಲಾಲ್ ಸ್ಟ್ರೀಟಲ್ಲಿ ಅದೇ ಕಂಪನಿಯ ಷೇರು 200 ರೂಪಾಯಿ ಆಸುಪಾಸಿನಿಂದ ಹೊರಟು 9,000 ರೂಪಾಯಿ ಹತ್ರ ಹೋಗಿ ನಿಂತ್ಕೊಂಡ್ತು. ಹರ್ಷದ್ ಮೆಹ್ತಾ ಕತೆ ಎಲ್ರಿಗೂ ಗೊತ್ತಿದೆ, ಬ್ಯಾಂಕ್ ದುಡ್ಡು ತಂದ, ಷೇರು ಏರಿಸಿದ, ಸಿಕ್ಕಿಬಿದ್ದ. ಅದು ತಪ್ಪೇನಲ್ಲ, ಆದ್ರೆ ಅರ್ಧ ಕತೆ. ಒಬ್ಬ ದಲಾಲಿ ಎಷ್ಟೇ ದುಡ್ಡು ಸುರಿದ್ರೂ ಉಳಿದೋರು ಮಾರ್ತಾ ಹೋಗಿದ್ರೆ ರೇಟು ಅಲ್ಲಿಗೆ ಹೋಗ್ತಾ ಇರ್ಲಿಲ್ಲ. ಉಳಿದೋರು ಯಾಕೆ ಮಾರ್ಲಿಲ್ಲ, ಮಾರಿದೋರು ಏನಾದ್ರು, ಮತ್ತೆ ಸಾಲದ ದುಡ್ಡು ಹೇಗೆ ರೇಟಿನ ಬೆನ್ನು ಹತ್ತಿ ತಾನೇ ಬೆಳೀತಾ ಹೋಯ್ತು ಅನ್ನೋದನ್ನ ಬಿಡಿಸಿ ಹೇಳೋಕೆ ಇದನ್ನ ಬರೀತಿದೀನಿ.

ಆಗ ನಾನು ಫೋರ್ಟ್‌ನಲ್ಲಿ ಒಬ್ಬ ಸಬ್‌ಬ್ರೋಕರ್ ಆಫೀಸಲ್ಲಿ ಲೆಕ್ಕ ಬರೀತಿದ್ದೆ. ನಮ್ಮ ಗಿರಾಕಿಗಳಲ್ಲಿ ಊರ ಕಡೆಯೋರು ಸುಮಾರು ಜನ, ಬ್ಯಾಂಕ್ ನೌಕರರು, ಕ್ಯಾಂಟೀನ್ ನಡೆಸೋರು, ಹೋಟೆಲ್‌ನೋರು. ಅವರಲ್ಲಿ ಮಾಟುಂಗಾ ಕಡೆ ಹೋಟೆಲ್ ಇಟ್ಟಿದ್ದ ಒಬ್ರು ಧಣಿ ಇದ್ರು, ಕುಂದಾಪುರ ಕಡೆಯೋರು. ಅವರ ಖಾತೆಯನ್ನೇ ಹಿಡ್ಕೊಂಡು ಹೇಳ್ತೀನಿ, ಯಾಕಂದ್ರೆ ಸಾಲದ ದುಡ್ಡಿಂದ ಉಬ್ಬಿದ ಈ ರೇಟಿನ ಗುಳ್ಳೆಯ ಎರಡೂ ಪಾತ್ರ ಅವರು ಆಡಿದ್ರು, ಮೊದ್ಲು ಸಾಲ ಕೊಟ್ಟೋರು, ಆಮೇಲೆ ಸಾಲ ತಗೊಂಡು ಕೊಂಡೋರು.

ಮೊದ್ಲು ಬ್ಯಾಂಕ್ ಕಡೆಯ ವಿಷ್ಯ ಬೇಗ ಮುಗಿಸ್ತೀನಿ. ಬ್ಯಾಂಕುಗಳು ತಮ್ಮ ಠೇವಣಿಯಲ್ಲಿ ದೊಡ್ಡ ಪಾಲನ್ನ ಸರ್ಕಾರಿ ಬಾಂಡಲ್ಲಿ ಇಡ್ಬೇಕಿತ್ತು, ಆಗ ಎಸ್‌ಎಲ್‌ಆರ್ 38.5 ಪರ್ಸೆಂಟ್. ಒಂದು ಬ್ಯಾಂಕಿಗೆ ಬಾಂಡ್ ಕಮ್ಮಿ ಬಿದ್ರೆ, ಇನ್ನೊಂದಕ್ಕೆ ಕ್ಯಾಶ್ ಕಮ್ಮಿ ಬಿದ್ರೆ, ಇವತ್ತು ಮಾರಿ ಹದಿನೈದು ದಿನ ಆದ್ಮೇಲೆ ವಾಪಸ್ ಕೊಳ್ಳೋ ಕರಾರು ಮಾಡ್ಕೊಳ್ತಿದ್ವು, ಅದಕ್ಕೆ ರೆಡಿ ಫಾರ್ವರ್ಡ್ ಅಂತಿದ್ರು. ಹೆಸರಿಗೆ ಮಾರಾಟ, ಅಸಲಿಗೆ ಬಾಂಡ್ ಅಡ ಇಟ್ಟು ಸಾಲ. ಬಾಂಡ್ ಕೈ ಬದಲಾಯಿಸೋದು ರಿಸರ್ವ್ ಬ್ಯಾಂಕಿನ ಲೆಡ್ಜರಿನಲ್ಲಿ, ಅದೂ ಕೈಬರಹದಲ್ಲಿ, ತಡ ಆಗ್ತಿತ್ತು. ಹಾಗಾಗಿ ಬ್ಯಾಂಕುಗಳು ಬಾಂಡ್ ಬದ್ಲು ಬ್ಯಾಂಕ್ ರಸೀದಿ ಅನ್ನೋ ಕಾಗದ ಕೊಟ್ಕೊಳ್ತಿದ್ವು, ಬಾಂಡ್ ನಮ್ಮತ್ರ ಇದೆ, ಆಮೇಲೆ ಕೊಡ್ತೀವಿ ಅನ್ನೋ ಚೀಟಿ ಅದು. ನಡುವೆ ದಲಾಲಿ ಇರ್ತಿದ್ದ, ಚೆಕ್ಕು ಅವನ ಖಾತೆಗೇ ಬೀಳೋ ಅಭ್ಯಾಸ ಬೆಳೀತು. ಬ್ಯಾಂಕ್ ಆಫ್ ಕರಾಡ್, ಮೆಟ್ರೋಪಾಲಿಟನ್ ಕೋಆಪರೇಟಿವ್ ಬ್ಯಾಂಕ್ ಥರದ ಪುಟ್ಟ ಬ್ಯಾಂಕುಗಳು ಹಿಂದೆ ಬಾಂಡೇ ಇಲ್ಲದ ರಸೀದಿ ಕೊಟ್ವು. ಆ ಕಾಗದ ನಂಬಿ ದೊಡ್ಡ ಬ್ಯಾಂಕುಗಳು ದುಡ್ಡು ಕೊಟ್ವು. ಆ ದುಡ್ಡು ಹದಿನೈದು ದಿನದ ಮಟ್ಟಿಗೆ ಷೇರುಪೇಟೆಗೆ ಬಂತು, ತಿರುಗಿ ಕೊಡೋ ಹೊತ್ತಿಗೆ ಇನ್ನೊಂದು ರಸೀದಿ. ಆಮೇಲೆ ರಿಸರ್ವ್ ಬ್ಯಾಂಕ್ ಡೆಪ್ಯುಟಿ ಗವರ್ನರ್ ಜಾನಕಿರಾಮನ್ ಅವರ ಸಮಿತಿ ಲೆಕ್ಕ ಹಾಕಿದಾಗ ಸುಮಾರು 4,000 ಕೋಟಿಗೆ ಆಧಾರ ಸಿಗಲಿಲ್ಲ. ಇದಿಷ್ಟು ಬೆಂಕಿ ಹಚ್ಚಿದ ದುಡ್ಡು. ಸೌದೆ ಬೇರೆ ಕಡೆಯಿಂದ ಬಂತು.

ಆ ಸೌದೆ ಹೆಸರು ಬದ್ಲಾ. ಈಗಿನೋರಿಗೆ ಇದು ಗೊತ್ತಿರೋದು ಕಮ್ಮಿ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಮುಂಬಯಿ ಷೇರುಪೇಟೆ ಬಿಎಸ್‌ಇಲಿ, ಎಸಿಸಿ ಥರದ ದೊಡ್ಡ ಷೇರುಗಳಿದ್ದ ಎ ಗ್ರೂಪಿಗೆ ಹದಿನಾಲ್ಕು ದಿನದ ಸೆಟಲ್‌ಮೆಂಟ್ ಇತ್ತು. ಈ ಹದಿನಾಲ್ಕು ದಿನದಲ್ಲಿ ಕೊಂಡದ್ದಕ್ಕೆ ಕೊನೇಲಿ ದುಡ್ಡು ಕಟ್ಟಿ ಷೇರು ತಗೋಬೇಕು. ಕಟ್ಟೋಕೆ ದುಡ್ಡಿಲ್ಲ, ಇಲ್ಲ ಕಟ್ಟೋ ಮನಸ್ಸಿಲ್ಲ ಅಂದ್ರೆ, ವ್ಯವಹಾರವನ್ನ ಮುಂದಿನ ಸೆಟಲ್‌ಮೆಂಟಿಗೆ ತಳ್ಳಬಹುದಿತ್ತು. ನಿಮ್ಮ ಪರವಾಗಿ ಯಾರೋ ಒಬ್ರು ದುಡ್ಡು ಕಟ್ಟಿ ಷೇರು ಹಿಡ್ಕೊಳ್ತಾರೆ, ನೀವು ಅವರಿಗೆ ಬಡ್ಡಿ ಕೊಡ್ತೀರ. ಅದೇ ವ್ಯಾಜ್ ಬದ್ಲಾ. ಬಡ್ಡಿ ರೇಟು ಸೆಟಲ್‌ಮೆಂಟ್ ಮುಗಿದ ಮೇಲೆ ಶನಿವಾರದ ಬದ್ಲಾ ಸೆಷನ್‌ನಲ್ಲಿ ತೀರ್ಮಾನ ಆಗ್ತಿತ್ತು, ತಳ್ಳೋರು ಜಾಸ್ತಿ ಇದ್ರೆ ರೇಟು ಏರುತ್ತೆ.

ನಮ್ಮ ಧಣಿ ಮೊದ್ಲು ಬಂದದ್ದು ಈ ಬಡ್ಡಿ ಆಸೆಗೆ. ಹೋಟೆಲ್ ಗಲ್ಲಾದ ದುಡ್ಡು ದಿನಾ ಕ್ಯಾಶ್ ಬರುತ್ತೆ, ಬ್ಯಾಂಕಲ್ಲಿ ಇಟ್ರೆ ಏನೂ ಸಿಗಲ್ಲ, ಊರಲ್ಲಿ ತೋಟ ತಗೊಳ್ಳೋಕೆ ಇನ್ನೂ ಟೈಮ್ ಇದೆ. ಬದ್ಲಾಕ್ಕೆ ಕೊಟ್ರೆ ತಿಂಗಳಿಗೆ ಎರಡು ಪರ್ಸೆಂಟ್ ಬರ್ತಿತ್ತು, ತೇಜಿ ಜೋರಾದ ಹಾಗೆ ಮೂರು. ಮೇಲಿಂದ ಷೇರು ಅಡ ಇದೆ. ಅವರ ಮಾತಲ್ಲೇ ಹೇಳ್ಬೇಕಂದ್ರೆ, "ಷೇರು ಗೀರು ನಂಗೆ ಅರ್ಥ ಆಗೂದಿಲ್ಲ ಮಾರಾಯ, ನಾನ್ ಬಡ್ಡಿ ತಿಂಬುವವ ಮಾತ್ರ." ಇಂಥ ಸಾವಿರಾರು ಜನ ಮುಂಬಯಿಯಲ್ಲಿದ್ರು, ಬಂಗಾರದ ಅಂಗಡಿಯೋರು, ಬಟ್ಟೆ ವ್ಯಾಪಾರಿಗಳು, ಹೋಟೆಲ್‌ನೋರು. ಇವರೆಲ್ಲ ಹುಷಾರಿ ಜನ, ಸಟ್ಟಾ ಆಡೋರಲ್ಲ. ಆದ್ರೆ ಗುಳ್ಳೆಗೆ ಬೇಕಾದ ಸಾಲದ ದೊಡ್ಡ ಪಾಲು ಹುಷಾರಿ ಜನರ ಜೇಬಿಂದಲೇ ಬಂತು ಅನ್ನೋದು ಗಮನಿಸ್ಬೇಕಾದ ವಿಷ್ಯ.

ಯಾಕಂದ್ರೆ ಅಡ ಇರೋ ಷೇರಿಗೆ ಬೆಲೆ ಕಟ್ಟೋದು ಯಾವ ರೇಟಲ್ಲಿ? ಸೆಟಲ್‌ಮೆಂಟ್ ಕೊನೆಯ ಹವಾಲಾ ರೇಟಲ್ಲಿ, ಅಂದ್ರೆ ಅವತ್ತು ಪೇಟೆ ಎಲ್ಲಿ ನಿಂತಿದೆಯೋ ಅಲ್ಲಿ. ಎಸಿಸಿ 3,000 ಆದಾಗ ಧಣಿ ಒಂದು ಷೇರಿನ ಮೇಲೆ 3,000 ಕೊಡ್ತಾರೆ, 6,000 ಆದಾಗ ಅದೇ ಷೇರಿನ ಮೇಲೆ 6,000. ಸಿಮೆಂಟ್ ಫ್ಯಾಕ್ಟರಿ ಬದಲಾಗಿಲ್ಲ, ಲಾಭ ಬದಲಾಗಿಲ್ಲ, ಅಡ ಇಟ್ಟ ಕಾಗದವೂ ಅದೇ. ರೇಟು ಏರಿದ್ದರಿಂದ ಸಾಲ ಹೆಚ್ಚಾಯ್ತು, ಸಾಲ ಹೆಚ್ಚಾದ್ದರಿಂದ ರೇಟು ಏರ್ತು. ಸಾಲ ಕೊಟ್ಟೋನು ತನ್ನ ದುಡ್ಡಿಗೆ ಭದ್ರತೆ ಇದೆ ಅಂದ್ಕೊಂಡಿದ್ದ, ಆ ಭದ್ರತೆಗೆ ಬೆಲೆ ಬಂದಿದ್ದೇ ಅವನಂಥೋರು ಕೊಟ್ಟ ಸಾಲದಿಂದ.

ಈಗ ಕೊಂಡೋರ ಕಡೆ ನೋಡೋಣ. ಸ್ವಲ್ಪ ದಿನ ಬಡ್ಡಿ ತಿಂದ ಮೇಲೆ ಧಣಿಗೆ ಒಂದು ವಿಷ್ಯ ಕಾಣ್ಸೋಕೆ ಶುರುವಾಯ್ತು: ತನಗೆ ಮೂರು ಪರ್ಸೆಂಟ್ ಬಡ್ಡಿ ಕೊಡೋನು ತಾನು ಮಾತ್ರ ಇಪ್ಪತ್ತು ಪರ್ಸೆಂಟ್ ಮಾಡ್ಕೊಳ್ತಿದಾನೆ. ಅವರ ಭಾವ, ಅವರೂ ಹೋಟೆಲ್ ಲೈನಿನೋರೇ, ಆಗ್ಲೇ ಎಸಿಸಿಲಿ ಇದ್ರು. ಧಣಿ ಒಂದು ದಿನ ಆಫೀಸಿಗೆ ಬಂದು, "ಭಾವನ ಹೆಸರಲ್ಲಿ ಎಷ್ಟು ಉಂಟಾ ಅಷ್ಟೇ ನಂಗೂ ತೆಗೀರಿ" ಅಂದ್ರು. ಯಾವ ಕಂಪನಿ, ಏನು ಲಾಭ, ಒಂದೂ ಕೇಳ್ಲಿಲ್ಲ, ಭಾವನ ಹತ್ರ ಎಷ್ಟಿದೆ ಅನ್ನೋದು ಒಂದೇ ಅಳತೆ.

ಮುಂದಿನ ಲೆಕ್ಕ ಅರ್ಥ ಆಗ್ಲಿ ಅಂತ ಅಂಕಿ ದುಂಡು ಮಾಡಿ ಹೇಳ್ತೀನಿ. 3,000 ರೂಪಾಯಿ ರೇಟಲ್ಲಿ 100 ಷೇರು ಅಂದ್ರೆ 3 ಲಕ್ಷ. ಐದರಲ್ಲೊಂದು ಪಾಲು ಮಾರ್ಜಿನ್, ಅಂದ್ರೆ ಸ್ವಂತ ದುಡ್ಡು 60,000. ಅದು ಬರೀ ಠೇವಣಿ, ಮಾಲಿನ ಪೂರ್ತಿ ದುಡ್ಡು ಬದ್ಲಾದ್ದು. (ಮಾರ್ಜಿನ್ ನಿಯಮ ಪುಸ್ತಕದಲ್ಲಿತ್ತು, ವಸೂಲಿ ಆಗೋದು ಮುಖ ನೋಡಿ, ಪರಿಚಯ ಇದ್ದೋರಿಗೆ ಇದಕ್ಕಿಂತ ಕಮ್ಮಿಗೂ ನಡೀತಿತ್ತು.) ಹದಿನಾಲ್ಕು ದಿನದಲ್ಲಿ ರೇಟು 3,600 ಆಯ್ತು. ಇಲ್ಲಿ ಬದ್ಲಾದ ಒಂದು ಗುಣ ನೋಡಿ: ವ್ಯವಹಾರ ಮುಂದಕ್ಕೆ ತಳ್ಳುವಾಗ ಹಳೇದನ್ನ ಹವಾಲಾ ರೇಟಲ್ಲಿ ಮುಗಿಸಿ ಹೊಸದಾಗಿ ತೆರೀತಾರೆ, ಹಾಗಾಗಿ ನಡುವಿನ ವ್ಯತ್ಯಾಸ ಕ್ಯಾಶಾಗಿ ಕೈಗೆ ಬರುತ್ತೆ. ಒಂದು ಷೇರೂ ಮಾರ್ದೇನೆ 60,000 ಕೈಯಲ್ಲಿ. ಬಡ್ಡಿ ಕಳೆದ್ರೆ ಒಂದಿಷ್ಟು ಕಮ್ಮಿ, ಅದನ್ನ ಸದ್ಯಕ್ಕೆ ಬಿಡಿ. ಈಗ ಸ್ವಂತ ದುಡ್ಡು 1.2 ಲಕ್ಷ ಆಯ್ತು. ಐದರಲ್ಲೊಂದು ಲೆಕ್ಕಕ್ಕೆ 6 ಲಕ್ಷದ ಮಾಲು ಹಿಡೀಬಹುದು, ಅಂದ್ರೆ 3,600ರ ರೇಟಲ್ಲಿ 166 ಷೇರು. ಮೊದ್ಲು 100 ಇದ್ದದ್ದು ಈಗ 166.

ಇಲ್ಲೇ ಮಾಮೂಲಿ ವ್ಯಾಪಾರದ ಬುದ್ಧಿ ತಲೆಕೆಳಗಾಗೋದು. ಈರುಳ್ಳಿ ರೇಟು ಏರಿದ್ರೆ ಹೋಟೆಲ್‌ನೋರು ಕಮ್ಮಿ ತರ್ತಾರೆ. ಆದ್ರೆ ಸಾಲದಲ್ಲಿ ಷೇರು ಹಿಡಿದೋನಿಗೆ ರೇಟು ಇಪ್ಪತ್ತು ಪರ್ಸೆಂಟ್ ಏರಿದ್ರೆ ಇನ್ನೂ 66 ಕೊಳ್ಳೋ ತಾಕತ್ತು ಬರುತ್ತೆ, ಮತ್ತೆ ಅಕ್ಕಪಕ್ಕದ ಎಲ್ರಿಗೂ ಒಂದೇ ಶನಿವಾರ ಅದೇ ತಾಕತ್ತು ಬರುತ್ತೆ. ಸೋಮವಾರ ಎಕ್ಸ್‌ಚೇಂಜಲ್ಲಿ ವ್ಯಾಪಾರ ನಡೆಯೋ ರಿಂಗಲ್ಲಿ ಎಲ್ರೂ ಕೊಳ್ಳೋರೇ. ಎಸಿಸಿ ಥರದ ಷೇರಲ್ಲಿ ದೊಡ್ಡ ಪಾಲು ಸಂಸ್ಥೆಗಳ ಹತ್ರ ಗಟ್ಟಿ ಕೂತಿರುತ್ತೆ, ಪೇಟೇಲಿ ಓಡಾಡೋ ಮಾಲು ಕಮ್ಮಿ. ಆ ಸಣ್ಣ ಮಾಲಿನ ಕೊನೇ ವ್ಯವಹಾರ ಯಾವ ರೇಟಲ್ಲಿ ಆಯ್ತೋ ಅದೇ ರೇಟಲ್ಲಿ ಇಡೀ ಕಂಪನಿಗೆ ಬೆಲೆ ಕಟ್ತಾರೆ. ಹಾಗಾಗಿ ರೇಟು ಏರಿಸೋಕೆ ಇಡೀ ಕಂಪನಿ ಕೊಳ್ಳೋ ದುಡ್ಡು ಬೇಕಿಲ್ಲ, ಓಡಾಡೋ ಮಾಲಿಗೆ ಸಾಕಾಗೋಷ್ಟಿದ್ರೆ ಆಯ್ತು.

ಈಗ ಅದೇ ಲೆಕ್ಕವನ್ನ ಕೆಳಕ್ಕೆ ಓಡಿಸಿ. 166 ಷೇರು, ರೇಟು 3,600. ಇಲ್ಲಿಂದ ಇಪ್ಪತ್ತು ಪರ್ಸೆಂಟ್ ಬಿದ್ರೆ 2,880. ಒಂದು ಷೇರಿಗೆ 720 ನಷ್ಟ, ಒಟ್ಟು ಸುಮಾರು 1.2 ಲಕ್ಷ. ಸ್ವಂತ ದುಡ್ಡು ಪೂರ್ತಿ ಹೋಯ್ತು. ರೇಟು ನೋಡಿದ್ರೆ ಶುರು ಮಾಡಿದ 3,000ಕ್ಕಿಂತ ಬರೀ ನಾಲ್ಕು ಪರ್ಸೆಂಟ್ ಕೆಳಗಿದೆ. ಮೊದಲ ದಿನವೇ ಆ 60,000ಕ್ಕೆ ನಗದು ಕೊಟ್ಟು 20 ಷೇರು ತಗೊಂಡು ಸುಮ್ನೆ ಕೂತಿದ್ರೆ ಈಗ್ಲೂ 57,600 ಕೈಯಲ್ಲಿ ಇರ್ತಿತ್ತು. ಒಂದೇ ಷೇರು, ಒಂದೇ ರೇಟು, ಒಬ್ನಿಗೆ ಸಣ್ಣ ನಷ್ಟ, ಇನ್ನೊಬ್ಬ ದಿವಾಳಿ, ಯಾಕಂದ್ರೆ ಅವನು ಏರಿದ ರೇಟಿನ ಲಾಭವನ್ನೇ ಮಾರ್ಜಿನ್ ಮಾಡಿ ಮೇಲಿನ ರೇಟಲ್ಲಿ ಹೆಚ್ಚು ಮಾಲು ಹಿಡಿದ.

ಬೀಳೋದು ಬಿಡಿ, ಸುಮ್ನೆ ನಿಂತ್ರೂ ಕಷ್ಟ. ಬದ್ಲಾ ವರ್ಷಕ್ಕೆ 36 ಪರ್ಸೆಂಟ್ ಅಂತ ಇಟ್ಕೊಳ್ಳಿ, ಒಂದು ಸೆಟಲ್‌ಮೆಂಟಿಗೆ ಹತ್ರ ಹತ್ರ ಒಂದೂವರೆ ಪರ್ಸೆಂಟ್. 6 ಲಕ್ಷದ ಮೇಲೆ 9,000 ರೂಪಾಯಿ. ಸ್ವಂತ ದುಡ್ಡು 1.2 ಲಕ್ಷದ ಮೇಲೆ ಅದು ಏಳೂವರೆ ಪರ್ಸೆಂಟ್, ಅದೂ ಹದಿನಾಲ್ಕು ದಿನಕ್ಕೆ. ಕಂಪನಿ ವರ್ಷಕ್ಕೊಮ್ಮೆ ಕೊಡೋ ಡಿವಿಡೆಂಡ್ ಇದರ ಮುಂದೆ ಲೆಕ್ಕಕ್ಕೇ ಇಲ್ಲ. ಅಂದ್ರೆ ರೇಟು ಏರ್ತಾನೇ ಇರ್ಬೇಕು, ಒಂದೆರಡು ತಿಂಗಳು ಅಲ್ಲೇ ನಿಂತ್ರೆ ಸಾಲದಲ್ಲಿರೋನು ತಾನಾಗೇ ಸೋರಿ ಹೋಗ್ತಾನೆ. ಗುಳ್ಳೆ ಒಡೆಯೋಕೆ ಯಾವುದೋ ದೊಡ್ಡ ಕೆಟ್ಟ ಸುದ್ದಿ ಬೇಕು ಅಂತ ಜನ ಅಂದ್ಕೊಳ್ತಾರೆ, ನನ್ ಪ್ರಕಾರ ಹೊಸ ದುಡ್ಡು ಬರೋದು ನಿಧಾನ ಆದ್ರೆ ಸಾಕು.

ಹಾಗಾದ್ರೆ 9,000 ರೂಪಾಯಿ ಜಾಸ್ತಿ ಆಯ್ತು ಅಂತ ಯಾರಿಗೂ ಗೊತ್ತಿರಲಿಲ್ವಾ? ಗೊತ್ತಿತ್ತು, ಚೆನ್ನಾಗೇ ಗೊತ್ತಿತ್ತು. ಪೇಟೇಲಿ ಮಂದಿವಾಲಾಗಳು ಅಂತ ಒಂದು ದೊಡ್ಡ ಗುಂಪೇ ಇತ್ತು, ರೇಟು ಇಳಿಯುತ್ತೆ ಅಂತ ಕೈಯಲ್ಲಿ ಇಲ್ಲದ ಮಾಲನ್ನ ಮಾರೋರು. ಇವರ ಲೆಕ್ಕ ಸರಿ ಇತ್ತು. ಆದ್ರೆ ಇವರೂ ಅದೇ ಹದಿನಾಲ್ಕು ದಿನದ ಚಕ್ರದಲ್ಲಿ ಸಿಕ್ಕಿದ್ರು. ರೇಟು 3,000 ಇದ್ದಾಗ ಮಾರಿದೋನು 3,600 ಆದಾಗ ಶನಿವಾರ ಒಂದು ಷೇರಿಗೆ 600 ಕಟ್ಬೇಕು, ಕ್ಯಾಶಲ್ಲಿ. ನೋಡಿ, ಧಣಿಗೆ ಬಂದ 60,000 ಬಂದದ್ದೇ ಇಂಥೋರ ಕೈಯಿಂದ. ಸಾಲದಲ್ಲಿ ಕೊಂಡೋನಿಗೆ ಮಾರ್ಜಿನ್ ಕಟ್ಟಿದ್ದು ಮಂದಿವಾಲಾ. ಮೇಲಿಂದ ಮಾಲು ಕೊಡಿ ಅಂತ ಕೊಂಡೋರು ಹಟ ಹಿಡಿದ್ರೆ ಇನ್ನೂ ಕಷ್ಟ, ಆಗ ಡೀಮ್ಯಾಟ್ ಇಲ್ಲ, ಕಾಗದದ ಷೇರು, ಟ್ರಾನ್ಸ್‌ಫರ್ ಡೀಡಲ್ಲಿ ಸಹಿ ಹೊಂದ್ಲಿಲ್ಲ ಅಂದ್ರೆ ಬ್ಯಾಡ್ ಡೆಲಿವರಿ ಅಂತ ವಾಪಸ್. ಮಾಲು ಸಿಗದಿದ್ರೆ ಬದ್ಲಾ ಉಲ್ಟಾ ಹೊಡೀತಿತ್ತು, ಮಾರಿದೋನೇ ಕೊಂಡೋನಿಗೆ ಬಾಡಿಗೆ ಥರ ಕೊಡ್ಬೇಕು, ಅದು ಉಂಧಾ ಬದ್ಲಾ. ಕೊನೆಗೆ ಮಂದಿವಾಲಾ ಸೋತು ತನ್ನ ಮಾರಾಟ ಮುಚ್ಚೋಕೆ ಮೇಲಿನ ರೇಟಲ್ಲೇ ಕೊಂಡ್ಕೊಳ್ತಿದ್ದ. ರೇಟು ತಪ್ಪು ಅಂತ ಎಲ್ರಿಗಿಂತ ಚೆನ್ನಾಗಿ ತಿಳಿದೋನೇ ಅದನ್ನ ಇನ್ನೂ ಮೇಲೆ ತಳ್ಳೋ ಗಿರಾಕಿ ಆಗ್ತಿದ್ದ. ಅರ್ಥಶಾಸ್ತ್ರದೋರು ಇದನ್ನ ಆರ್ಬಿಟ್ರೇಜಿನ ಮಿತಿ ಅಂತ ಕರೀತಾರೆ, ಶ್ಲೈಫರ್ ಮತ್ತೆ ವಿಷ್ಣಿ ಅನ್ನೋ ಇಬ್ರು 1997ರಲ್ಲಿ ಇದರ ಮೇಲೆ ಪ್ರಬಂಧ ಬರೆದ್ರು. ದಲಾಲ್ ಸ್ಟ್ರೀಟಿನೋರಿಗೆ ಇದು ಐದು ವರ್ಷ ಮುಂಚೇನೇ ಮೈಮೇಲೆ ಬಂದಿತ್ತು.

ಇನ್ನು ಆ ಪ್ರಸಿದ್ಧ ವಾದ, ರಿಪ್ಲೇಸ್‌ಮೆಂಟ್ ಕಾಸ್ಟ್. ಮೆಹ್ತಾ ಹೇಳ್ತಿದ್ದದ್ದು ಇಷ್ಟು: ಕಂಪನಿಯ ಹಳೇ ಲಾಭ ನೋಡ್ಬೇಡಿ, ಇಂಥದ್ದೇ ಕಂಪನಿಯನ್ನ ಇವತ್ತು ಹೊಸದಾಗಿ ಕಟ್ಟೋಕೆ ಎಷ್ಟು ಖರ್ಚಾಗುತ್ತೆ ನೋಡಿ, ಷೇರಿನ ಬೆಲೆ ಆ ಲೆಕ್ಕದಲ್ಲಿರ್ಬೇಕು. ಇದು ಪೂರ್ತಿ ಬೊಗಳೆ ಅಲ್ಲ. ಸಿಮೆಂಟಿಗೆ ಸರ್ಕಾರದ ಬೆಲೆ ನಿಯಂತ್ರಣ 1989ರ ಮಾರ್ಚಲ್ಲಿ ಪೂರ್ತಿ ಹೋಗಿತ್ತು, 1991ರಲ್ಲಿ ರೂಪಾಯಿ ಬೆಲೆ ಇಳಿಸಿದ್ರಿಂದ ಹೊರಗಿನ ಮೆಷಿನರಿ ದುಬಾರಿ ಆಗಿತ್ತು, ಹಳೇ ಪ್ಲಾಂಟುಗಳ ಬೆಲೆ ಪುಸ್ತಕದಲ್ಲಿ ತೀರಾ ಕಮ್ಮಿ ಬರೆದಿತ್ತು. 200 ರೂಪಾಯಿ ರೇಟು ಕಮ್ಮಿ ಅಂದಿದ್ರೆ ನಾನೂ ಹೂಂ ಅಂತಿದ್ದೆ. ತೊಂದ್ರೆ ಎಲ್ಲಂದ್ರೆ, ಹೊಸದಾಗಿ ಕಟ್ಟೋ ಖರ್ಚು ಲೆಕ್ಕಕ್ಕೆ ಬರೋದು ಅಷ್ಟು ಖರ್ಚು ಮಾಡಿ ಕಟ್ಟಿದ್ರೆ ಲಾಭ ಬರುತ್ತೆ ಅಂತಿದ್ರೆ ಮಾತ್ರ. ಷೇರುಪೇಟೆ ಒಂದು ಪ್ಲಾಂಟಿಗೆ ಕಟ್ಟೋ ಖರ್ಚಿಗಿಂತ ಎಷ್ಟೋ ಹೆಚ್ಚು ಬೆಲೆ ಕೊಡ್ತಿದೆ ಅಂದ್ರೆ ಜನ ಹೊಸ ಪ್ಲಾಂಟ್ ಕಟ್ತಾರೆ, ಸಿಮೆಂಟ್ ಜಾಸ್ತಿ ಬರುತ್ತೆ, ಚೀಲದ ರೇಟು ಇಳಿಯುತ್ತೆ, ಲಾಭ ಕರಗುತ್ತೆ. ಲೈಸೆನ್ಸ್ ರಾಜ್ಯದಲ್ಲಿ ಹೊಸಬರು ಕಟ್ಟೋ ಹಾಗಿರಲಿಲ್ಲ, ಆಗ ಹಳೇ ಕಂಪನಿಗೆ ಆ ಬೆಲೆ ಸ್ವಲ್ಪ ನಿಲ್ತಿತ್ತೇನೋ. ಆದ್ರೆ 1991ರ ಜುಲೈನಲ್ಲಿ ಸಿಮೆಂಟಿನ ಲೈಸೆನ್ಸೇ ತೆಗೆದಿದ್ರು. ಯಾವ ಉದಾರೀಕರಣದ ಹೆಸರಲ್ಲಿ ಪೇಟೆ ಕುಣೀತಿತ್ತೋ ಅದೇ ಉದಾರೀಕರಣ ಈ ವಾದದ ಕಾಲು ಮುರಿದಿತ್ತು. ಇದನ್ನ ಆಗ ನಮ್ಮ ಆಫೀಸಲ್ಲಿ ಒಬ್ರೂ ಆಡ್ಕೊಂಡದ್ದು ಕೇಳಿಲ್ಲ.

ಈ ವಾದಕ್ಕೆ ಇನ್ನೊಂದು ಅನುಕೂಲ ಇತ್ತು, ಅದನ್ನ ಸುಳ್ಳು ಅಂತ ತೋರಿಸೋಕೆ ಆಗಲ್ಲ. ಇಷ್ಟು ಲಾಭ ಬರುತ್ತೆ ಅಂತ ಹೇಳಿದ್ರೆ ಮುಂದಿನ ರಿಸಲ್ಟಲ್ಲಿ ಗೊತ್ತಾಗುತ್ತೆ. ಹೊಸ ಪ್ಲಾಂಟಿಗೆ ಎಷ್ಟಾಗುತ್ತೆ ಅನ್ನೋದನ್ನ ಯಾರೂ ಕಟ್ಟಿ ನೋಡಲ್ಲ. ರೇಟು ಏರಿದ ಹಾಗೆ ಖರ್ಚಿನ ಅಂದಾಜನ್ನೂ ಏರಿಸ್ಕೊಂಡು ಹೋದ್ರೆ ಆಯ್ತು.

ಮಂದೆಯ ವಿಷ್ಯಕ್ಕೆ ಬರ್ತೀನಿ. ಜನ ಕುರಿ ಥರ ಹೋದ್ರು ಅನ್ನೋದು ಸುಲಭದ ಮಾತು, ಆದ್ರೆ ಧಣಿ ಕುರಿ ಅಲ್ಲ, ಹೋಟೆಲಿಗೆ ಬರೋ ತರಕಾರಿ ಚೀಲ ಕೈಯಲ್ಲಿ ಎತ್ತಿ ನೋಡಿ ತೂಕ ಕಮ್ಮಿ ಇದೆ ಅಂತ ಹೇಳ್ತಿದ್ದೋರು. ಅವರು ಯೋಚನೆ ಮಾಡಿದ ರೀತಿ ಹೀಗಿತ್ತು: ಭಾವನಿಗೆ ಏನೋ ಗೊತ್ತಿದೆ, ಬ್ಯಾಂಕಲ್ಲಿರೋ ಊರಿನ ಮಾಸ್ತರ ಮಗನಿಗೂ ಗೊತ್ತಿದೆ, ಮಾಟುಂಗಾ ಸಂಘದಲ್ಲಿ ಕೂತಾಗ ನಾಲ್ಕು ಜನ ಅದನ್ನೇ ಹೇಳಿದ್ರು, ಇಷ್ಟು ಜನ ಬೇರೆ ಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದಿದಾರೆ ಅಂದ್ರೆ ನಾನೊಬ್ಬ ತಪ್ಪಿರೋ ಸಾಧ್ಯತೆ ಜಾಸ್ತಿ. ಇದು ಹೆಡ್ಡತನ ಅಲ್ಲ, ಡಾಕ್ಟ್ರು, ಸ್ಕೂಲು, ಹೆಣ್ಣು ಗಂಡು ಎಲ್ಲದಕ್ಕೂ ನಾವು ಹೀಗೇ ವಿಚಾರಿಸ್ತೀವಿ. ಬಿರುಕು ಇದ್ದದ್ದು ಒಂದೇ ಕಡೆ, ಅವರೆಲ್ಲ ಬೇರೆ ಬೇರೆಯಾಗಿ ತೀರ್ಮಾನಕ್ಕೆ ಬಂದಿರ್ಲಿಲ್ಲ. ಮಾಸ್ತರ ಮಗ ಭಾವನನ್ನ ನೋಡಿ ಕೊಂಡಿದ್ದ, ಭಾವ ನಮ್ಮ ಆಫೀಸಿನೋರನ್ನ ನೋಡಿ, ನಮ್ಮೋರು ರಿಂಗಲ್ಲಿ ಮೆಹ್ತಾ ಪರವಾಗಿ ಕೊಂಡು ಮಾರೋ ಜಾಬರ್ ಕೈ ಎತ್ತಿದ್ದು ನೋಡಿ. ಹತ್ತು ಸಾಕ್ಷಿ ಅಂದ್ಕೊಂಡದ್ದು ಒಂದೇ ಸಾಕ್ಷಿಯ ಹತ್ತು ಪ್ರತಿ. ಸ್ಕ್ರೀನ್ ಇಲ್ಲದ ಕಾಲ ಬೇರೆ, ರಿಂಗಲ್ಲಿ ಕೂಗಿ ವ್ಯಾಪಾರ, ಯಾರು ಎಷ್ಟು ಕೊಂಡ್ರು ಅಂತ ಹೊರಗಿನೋರಿಗೆ ಗೊತ್ತಾಗ್ತಿರಲಿಲ್ಲ, ಹಾಗಾಗಿ "ದೊಡ್ಡೋರು ಒಳಗಿದ್ದಾರೆ" ಅನ್ನೋ ಮಾತಿಗೆ ಇನ್ನೂ ತೂಕ.

ಮಂದೆಯಿಂದ ಹೊರಗೆ ನಿಂತೋರಿಗೂ ದಿನಾ ದಂಡ ಬೀಳ್ತಿತ್ತು. ನಮ್ಮ ಆಫೀಸಲ್ಲಿ ಒಬ್ರು ಹಿರಿಯ ಮೆಹ್ತಾಜಿ (ಗುಜರಾತಿಗಳು ಗುಮಾಸ್ತರನ್ನ ಹಾಗೇ ಕರೆಯೋದು, ಆ ಮೆಹ್ತಾಗೂ ಇವರಿಗೂ ಸಂಬಂಧ ಇಲ್ಲ) ಬೇಗ ಮಾರ್ಬಿಡಿ ಅಂತ ಗಿರಾಕಿಗಳಿಗೆ ಹೇಳ್ತಿದ್ರು. ಅವರ ಮಾತು ಕೇಳಿ ಮಾರಿದೋರು ರೇಟು ಇನ್ನೂ ಏರಿದ ಮೇಲೆ ಬಂದು ಜಗಳ ಆಡಿದ್ರು. ಸ್ವಲ್ಪ ದಿನದಲ್ಲಿ ಗಿರಾಕಿಗಳು ಅವರನ್ನ ಕೇಳೋದೇ ಬಿಟ್ರು, ಧಣಿ ಕೂಡ.

ಪೇಟೆ ಏರಿದ ವೇಗ ನೋಡಿ. ಸೆನ್ಸೆಕ್ಸ್ 1992ರ ಜನವರಿ ಮಧ್ಯದಲ್ಲಿ 2,000 ದಾಟ್ತು, ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದ ಫೆಬ್ರವರಿ 29ಕ್ಕೆ 3,000, ಮಾರ್ಚ್ ಕೊನೆಗೆ 4,000, ಏಪ್ರಿಲಲ್ಲಿ 4,467. ಏಪ್ರಿಲ್ 23ಕ್ಕೆ ಟೈಮ್ಸ್ ಆಫ್ ಇಂಡಿಯಾದಲ್ಲಿ ಸುಚೇತಾ ದಲಾಲ್ ಅವರ ವರದಿ ಬಂತು, ಒಬ್ಬ ದೊಡ್ಡ ದಲಾಲಿಗೆ ಸ್ಟೇಟ್ ಬ್ಯಾಂಕ್ ಲೆಕ್ಕ ಚುಕ್ತಾ ಮಾಡು ಅಂದಿದೆ ಅಂತ. ಆ ಸುದ್ದಿಯಲ್ಲಿ ಸಿಮೆಂಟ್ ಬಗ್ಗೆ ಒಂದಕ್ಷರ ಇರಲಿಲ್ಲ. ಕಂಪನಿಯಲ್ಲಿ ಏನೂ ಬದಲಾಗಲಿಲ್ಲ, ಬದಲಾದದ್ದು ದುಡ್ಡಿನ ನಲ್ಲಿ. ಏಪ್ರಿಲ್ 28ಕ್ಕೆ ಸೆನ್ಸೆಕ್ಸ್ ಒಂದೇ ದಿನ 570 ಪಾಯಿಂಟ್ ಬಿತ್ತು, ಸುಮಾರು 12.8 ಪರ್ಸೆಂಟ್.

ಐದರಲ್ಲೊಂದು ಮಾರ್ಜಿನ್ ಮೇಲೆ ನಿಂತೋನಿಗೆ 12.8 ಪರ್ಸೆಂಟ್ ಅಂದ್ರೆ ಸ್ವಂತ ದುಡ್ಡಿನ ಮೂರರಲ್ಲೆರಡು ಪಾಲು. ಆಫೀಸಿಂದ ಫೋನ್ ಹೋಯ್ತು, ಮಾರ್ಜಿನ್ ತನ್ನಿ ಇಲ್ಲ ಮಾಲು ಮಾರ್ತೀವಿ. ಏರುವಾಗ ಇಪ್ಪತ್ತು ಪರ್ಸೆಂಟಿಗೆ 66 ಹೆಚ್ಚು ಕೊಳ್ಳೋಕೆ ಆಗ್ತಿತ್ತಲ್ಲ, ಇಳಿಯುವಾಗ ಅದೇ ಲೆಕ್ಕ ಮಾರೋಕೆ ಹಚ್ಚುತ್ತೆ. ಒಬ್ಬ ಮಾರಿದ್ರೆ ರೇಟು ಇನ್ನೂ ಇಳೀತು, ಅದರಿಂದ ಪಕ್ಕದೋನ ಮಾರ್ಜಿನ್ ಹೋಯ್ತು, ಅವನೂ ಮಾರಿದ. ಬದ್ಲಾಕ್ಕೆ ದುಡ್ಡು ಕೊಡ್ತಿದ್ದೋರು ಹಿಂದೆ ಸರಿದ್ರು. ಧಣಿಯ ಹತ್ರ ಆಗ ಎರಡು ಥರದ ಮಾಲು ಇತ್ತು, ತಾವು ಸಾಲದಲ್ಲಿ ಕೊಂಡದ್ದು, ಮತ್ತೆ ಬೇರೆಯೋರಿಗೆ ಬದ್ಲಾ ಕೊಟ್ಟು ಅಡ ಹಿಡಿದದ್ದು. ಮೊದಲನೇದರ ನಷ್ಟ ಕಟ್ಟೋಕೆ ಹೋಟೆಲ್ ಮೇಲೆ ಸಾಲ ತೆಗೆದ್ರು. ಎರಡನೇದರಲ್ಲಿ ಬಡ್ಡಿ ಕೊಡ್ಬೇಕಾದೋನು ನಾಪತ್ತೆ, ಕೈಯಲ್ಲಿ ಉಳಿದ ಷೇರಿನ ರೇಟು ಕೊಟ್ಟ ಸಾಲಕ್ಕಿಂತ ಎಷ್ಟೋ ಕೆಳಗೆ.

ಅದ್ರ ಮೇಲೆ ಇನ್ನೊಂದು ಏಟು, ಇದನ್ನ ಯಾರೂ ಊಹಿಸಿರಲಿಲ್ಲ. ಜೂನಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ವಿಶೇಷ ಕೋರ್ಟ್ ಮಾಡ್ತು, ಹೆಸರಿಸಿದ ದಲಾಲಿಗಳ ಆಸ್ತಿಯೆಲ್ಲ ಕಸ್ಟೋಡಿಯನ್ ವಶಕ್ಕೆ ಹೋಯ್ತು. ಆ ದಲಾಲಿಗಳ ಕೈ ದಾಟಿ ಬಂದ ಷೇರುಗಳೂ ಕಳಂಕಿತ ಅಂತ ಸಿಕ್ಕಿಕೊಂಡ್ವು. ಪೂರ್ತಿ ದುಡ್ಡು ಕೊಟ್ಟು ನ್ಯಾಯವಾಗಿ ಕೊಂಡೋರ ಕಾಗದ ಕೂಡ ವರ್ಗಾವಣೆ ಆಗದೆ ಕೂತ್ಕೊಳ್ತು. ಧಣಿಯ ಅಡದ ಷೇರಲ್ಲಿ ಒಂದಿಷ್ಟು ಈ ಗುಂಪಿಗೆ ಸೇರಿತ್ತು, ಇಳಿದ ರೇಟಲ್ಲಾದ್ರೂ ಮಾರೋಣ ಅಂದ್ರೆ ಮಾರೋ ಹಾಗಿಲ್ಲ. ಗುಳ್ಳೆ ಒಡೆದಾಗ ಬೆಲೆ ಮಾತ್ರ ಹೋಗಲ್ಲ, ಮಾರೋ ದಾರಿಯೂ ಮುಚ್ಚುತ್ತೆ. ಅಡ ಇದೆ ಅಂತ ಧೈರ್ಯವಾಗಿ ಸಾಲ ಕೊಡೋರು ಆ ಅಡವನ್ನ ಕೆಟ್ಟ ದಿನ ಯಾರಿಗೆ ಮಾರ್ತೀನಿ ಅಂತ ಯೋಚಿಸಿರೋದು ಕಮ್ಮಿ.

ಸೆನ್ಸೆಕ್ಸ್ ಒಂದು ವರ್ಷದಲ್ಲಿ 2,000ದ ಹತ್ರ ಇಳೀತು. ಆಮೇಲೆ 1994ರಲ್ಲಿ ಹಳೇ ಎತ್ತರವನ್ನ ದಾಟ್ತು. ಅಂದ್ರೆ ಎರಡೂವರೆ ವರ್ಷ ಕಾದಿದ್ರೆ ಸೂಚ್ಯಂಕದ ಮಟ್ಟಿಗೆ ವಾಪಸ್ ಬರ್ತಿತ್ತು. ಈ ಲೆಕ್ಕ ಹೇಳಿ "ತಾಳ್ಮೆ ಬೇಕಿತ್ತು" ಅನ್ನೋರನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ. ಬದ್ಲಾದಲ್ಲಿದ್ದೋನಿಗೆ ಹದಿನಾಲ್ಕು ದಿನಕ್ಕಿಂತ ಜಾಸ್ತಿ ಕಾಯೋ ಹಕ್ಕೇ ಇರಲಿಲ್ಲ, ಕಾಯ್ಬೇಕೋ ಬೇಡ್ವೋ ಅನ್ನೋ ತೀರ್ಮಾನ ಸಾಲ ಕೊಟ್ಟೋನ ಕೈಯಲ್ಲಿತ್ತು.

ಮುಂಚೆ ಗೊತ್ತಾಗೋ ಸೂಚನೆ ಇತ್ತಾ ಅಂತ ಕೇಳಿದ್ರೆ, ಇತ್ತು, ಆದ್ರೆ ಷೇರಿನ ರೇಟಲ್ಲಿ ಅಲ್ಲ. ರೇಟು ಮಾತ್ರ ನೋಡಿದ್ರೆ ನಿಜವಾಗ್ಲೂ ಕಂಪನಿ ಬದಲಾಗ್ತಿದೆಯೋ ಇಲ್ಲ ಗುಳ್ಳೆಯೋ ಹೇಳೋಕಾಗಲ್ಲ, 1991ರ ಸುಧಾರಣೆ ಸುಳ್ಳಾಗಿರಲಿಲ್ಲ ನೋಡಿ. ನೋಡ್ಬೇಕಿದ್ದದ್ದು ಬದ್ಲಾ ರೇಟು ಮತ್ತೆ ಮುಂದಕ್ಕೆ ತಳ್ಳಿದ ಮಾಲಿನ ಮೊತ್ತ, ಎರಡನ್ನೂ ಜೊತೆಗಿಟ್ಟು. ಷೇರು ಏರ್ತಿದೆ, ಅದರ ಜೊತೆ ದುಡ್ಡು ಕಟ್ಟಿ ಮಾಲು ಮನೆಗೆ ಒಯ್ಯೋರು ಹೆಚ್ಚಾಗ್ತಿದ್ರೆ ಅದು ಒಂದು ಥರ. ಒಯ್ಯೋರು ಕಮ್ಮಿಯಾಗಿ ತಳ್ಳೋರು ಹೆಚ್ಚಾಗ್ತಾ, ಬಡ್ಡಿ ಎರಡರಿಂದ ಮೂರಕ್ಕೆ ಹೋದ್ರೂ ಯಾರೂ ಹಿಂಜರೀತಿಲ್ಲ ಅಂದ್ರೆ ಅವರ ಲೆಕ್ಕದಲ್ಲಿ ರೇಟು ತಿಂಗಳಿಗೆ ಮೂರು ಪರ್ಸೆಂಟಿಗಿಂತ ಜಾಸ್ತಿ ಏರ್ತಾನೇ ಇರುತ್ತೆ ಅಂತ ಅರ್ಥ, ಸಿಮೆಂಟ್ ಕಂಪನಿಯ ಲಾಭ ಹಾಗೆ ಏರಲ್ಲ. ಧಣಿ ತಮಗೆ ಬರೋ ಬಡ್ಡಿ ಜಾಸ್ತಿ ಆದಾಗ ಖುಷಿಪಟ್ರು. ಅದೇ ಅಂಕಿ ಅವರಿಗಿದ್ದ ಎಚ್ಚರಿಕೆ ಕೂಡ. ಇಷ್ಟಾದ್ರೂ ಇದರಿಂದ ಯಾವತ್ತು ಒಡೆಯುತ್ತೆ ಅಂತ ಗೊತ್ತಾಗಲ್ಲ, ಎಷ್ಟು ಜನ ಒಂದೇ ಬಾಗಿಲಿಂದ ಹೊರಗೆ ಓಡ್ಬೇಕಾಗುತ್ತೆ ಅಂತ ಗೊತ್ತಾಗುತ್ತೆ, ಅಷ್ಟೇ. ಆ ಆಧಾರದ ಮೇಲೆ ಫೆಬ್ರವರಿಯಲ್ಲಿ ರೇಟು ಇಳಿಯುತ್ತೆ ಅಂತ ಮಾರಿದೋರು ಮಾರ್ಚಲ್ಲೇ ಮುಳುಗಿದ್ರು.

ಬದ್ಲಾವನ್ನ 2001ರ ಜುಲೈನಲ್ಲಿ ಪೂರ್ತಿ ನಿಲ್ಲಿಸಿದ್ರು. ಅದರ ಕೆಲಸವನ್ನ ಈಗ ಫ್ಯೂಚರ್ಸ್ ಮತ್ತೆ ಬ್ರೋಕರ್‌ಗಳ ಮಾರ್ಜಿನ್ ಫಂಡಿಂಗ್ ಮಾಡ್ತಿವೆ, ಮಾರ್ಜಿನ್ ದಿನಾ ಕಂಪ್ಯೂಟರ್ ಎಳ್ಕೊಳ್ಳುತ್ತೆ, ಮುಖ ನೋಡಿ ಬಿಡೋದು ಇಲ್ಲ. ಯಾವ ಷೇರಿನ ಮೇಲೆ ಎಷ್ಟು ಮಾರ್ಜಿನ್ ಸಾಲ ಇದೆ ಅನ್ನೋದನ್ನ ಎಕ್ಸ್‌ಚೇಂಜ್ ಈಗ ಪ್ರಕಟ ಮಾಡುತ್ತೆ, ಫೋನಲ್ಲೇ ನೋಡಬಹುದು. ಡೊಂಬಿವಲಿ ಲೋಕಲ್‌ನಲ್ಲಿ ಪಕ್ಕ ಕೂತ ಹುಡುಗ್ರು ಆಪ್ ತೆರೆದು ನೋಡ್ತಿರ್ತಾರೆ, ಅವರು ತೆರೆಯೋದು ಬರೀ ರೇಟಿನ ಪೇಜು.